ತ್ರಿಕೂಟೇಶ್ವರನ ಗುಡಿ ಬಾಗಲದಾಗ

(ಗದಗ, ತ್ರಿಕೂಟೇಶ್ವರ ಗುಡಿ. ಯುಗಾದಿ ಮುಗಿದ ವಾರ, ಮುಂಜಾನೆ ಹತ್ತೂವರೆ. ಅಂಗಳದ ಕಲ್ಲು ಆಗಲೇ ಕಾದಿದೆ. ಅಜ್ಜ ಗೋಡೆ ಹಿಡಿದು ಕಾಲ್ಮರಿ ಕಳಚುತ್ತಿದ್ದಾನೆ. ಎಂಟು ವರ್ಷದ ಪಲ್ಲವಿ ಬೂಟು ಬಿಚ್ಚದೆ ನಿಂತಿದ್ದಾಳೆ. ಹೊಸ ಬೂಟು, ಹೆಜ್ಜೆ ಇಟ್ಟಾಗೊಮ್ಮೆ ಹಿಮ್ಮಡದಲ್ಲಿ ಕೆಂಪು ದೀಪ ಮಿಣುಕುತ್ತದೆ.)

ಪಲ್ಲವಿ: ನಾ ಬಿಡಂಗಿಲ್ಲಪಾ. ಯಾರರೆ ಒಯ್ದ್ರ?

ಅಜ್ಜ: ಒಂದ ಇಲ್ಲೆ ಬಿಡು, ಇನ್ನೊಂದ ಆ ಬೇವಿನ ಗಿಡದ ಬುಡಕ ಇಡು. ಒಂಟಿ ಬೂಟ್ ಒಯ್ದು ಕಳ್ಳ ಏನ್ ಮಾಡ್ತಾನ?

ಪಲ್ಲವಿ: ಒಂದ ಕಾಲ್ ಇದ್ದಾಂವ ಬಂದ್ರ?

ಅಜ್ಜ: ಪಾಪ, ಅಂವ ಒಯ್ಲಿ ಬಿಡು.

ಪಲ್ಲವಿ: ಹಾಕ್ಕೊಂಡ ಹೋದ್ರ ದೇವ್ರು ಸಿಟ್ಟಾಗ್ತಾನೇನು?

ಅಜ್ಜ: ದೇವ್ರದು ನಂಗ ಗೊತ್ತಿಲ್ಲ. ಒಳಗ ಕಸಾ ಹೊಡಿಯಾಕಿ ಸಿಟ್ಟಾಗ್ತಾಳ. ಬೂಟ್ ತಿರುವಿ ನೋಡು.

(ಪಲ್ಲವಿ ಒಂದು ಕಾಲೆತ್ತಿ ಅಡಿ ನೋಡುತ್ತಾಳೆ. ಗೀರುಗಳ ಸಂದಿನಲ್ಲಿ ಒಣಗಿದ ಸಗಣಿ, ಒಂದು ಚೂರು ಬಬಲ್‌ಗಮ್, ಸಣ್ಣ ಹರಳು.)

ಪಲ್ಲವಿ: ಥೂ! ಸಂತ್ಯಾಗ ಎಮ್ಮಿ ಅಡ್ಡ ಬಂತಲ್ಲ, ಆಗಿಂದು.

ಅಜ್ಜ: ಒಳಗ ಮಂದಿ ನೆಲಕ್ಕ ಹಣಿ ಹಚ್ಚಿ ನಮಸ್ಕಾರ ಮಾಡ್ತಾರ. ಅಲ್ಲೇ ಕುಂತು ಪ್ರಸಾದ ತಿಂತಾರ. ನೆಲಕ್ಕ ಬಿದ್ದ ಕೊಬ್ರಿ ಚೂರನ್ನ ನೀನ ಎತ್ತಿ ಬಾಯಾಗ ಹಾಕ್ಕೊಂಡಿದ್ದಿ ಹ್ವಾದ ವರ್ಷ.

ಪಲ್ಲವಿ: ಕಾಲೂ ಹೊಲಸ ಇರ್ತಾವಲ್ಲ?

ಅಜ್ಜ: ಅದಕ್ಕ ನಳ ಐತಿ. ಬಾ.

(ಇಬ್ಬರೂ ಕಾಲು ತೊಳೆಯುತ್ತಾರೆ. ಪಲ್ಲವಿಯ ಒಂದು ಕಾಲಲ್ಲಿ ಬೂಟು ಇನ್ನೂ ಇದೆ.)

ಪಲ್ಲವಿ: ಹಂಗಾರ ಡಬ್ಬಿಯಿಂದ ಆಗ ತಗದ ಬೂಟ್? ನೆಲಾನ ಮುಟ್ಟಿಲ್ಲ ಅದು. ನಡಿತೈತಿ?

ಅಜ್ಜ: (ಸ್ವಲ್ಪ ತಡೆದು) ಇಲ್ಲ.

ಪಲ್ಲವಿ: ಯಾಕ ಮತ್ತ?

ಅಜ್ಜ: ನಮ್ಮ ಹೊಲದಾಗ ಜ್ವಾಳದ ರಾಶಿ ಮಾಡಿದಾಗ ನೀ ಕಣದಾಗ ಚಪ್ಲಿ ಹಾಕ್ಕೊಂಡು ಓಡಿ ಬಂದಿ. ನಿಮ್ಮಪ್ಪ ಏನಂದ?

ಪಲ್ಲವಿ: ಒದರಿದ. ಹೊರಗ ಬಿಟ್ಟು ಬಾ ಅಂದ.

ಅಜ್ಜ: ಕಣ ಏನ್ ಗುಡಿ ಅಲ್ಲ. ಉಣ್ಣೂ ಕಾಳು ಅದು, ತುಳದ್ರ ನಮಗ ಸಂಕಟ ಆಗ್ತೈತಿ. ನಾ ಹರೇದಾಗ ಗರಡಿ ಮನ್ಯಾಗ ಕುಸ್ತಿ ಹಿಡಿತಿದ್ನಲ್ಲ, ಅಲ್ಲೂ ಕೆಮ್ಮಣ್ಣಿನ ಮ್ಯಾಲ ಕಾಲ್ಮರಿ ಇಡಂಗಿಲ್ಲ. ಮದ್ಲ ಮಣ್ಣು ಮುಟ್ಟಿ ಹಣಿಗೆ ಹಚ್ಕೊಬೇಕು. ನಾವು ದೊಡ್ಡದು ಅಂದದ್ದರ ಮುಂದ ಬರಿಗಾಲು, ಅಷ್ಟ.

ಪಲ್ಲವಿ: ನಮ್ಮ ಕ್ಲಾಸಿನಾಕಿ ಹೇಳಿದ್ಲು, ಚಪ್ಲಿ ತೊಗಲಿಂದು, ತೊಗಲು ಮೈಲಿಗಿ, ಅದಕ್ಕಂತ.

ಅಜ್ಜ: ಹಂಗ ಹೇಳಾವ್ರು ಭಾಳ ಮಂದಿ ಅದಾರ. ನಾ ಒಪ್ಪಂಗಿಲ್ಲ. ನಿನ್ನ ಬೂಟ್ ರಬ್ಬರಿಂದು, ಅದನ್ನ ಒಳಗ ಬಿಡ್ತಾರೇನು? ಮಂಗಳಾರತಿಗೆ ನಗಾರಿ ಬಾರಸ್ತಾರಲ್ಲ, ಅದಕ್ಕ ಹಚ್ಚಿದ್ದು ಏನದು?

ಪಲ್ಲವಿ: ...ತೊಗಲ!

ಅಜ್ಜ: ಮತ್ತ? ಕಲ್ಯಾಣದಾಗ ಹರಳಯ್ಯ ಅಂತ ಇದ್ದ, ಕಾಲ್ಮರಿ ಹೊಲಿಯಾಂವ. ಅಂವ, ಅವನ ಹೆಂಡ್ತಿ ಕಲ್ಯಾಣಮ್ಮ, ತಮ್ಮ ತೊಡಿ ಚರ್ಮ ತಗದು ಬಸವಣ್ಣಗ ಕಾಲ್ಮರಿ ಮಾಡಿ ಕೊಟ್ರಂತ. ಬಸವಣ್ಣ ಮೆಟ್ಟಲಿಲ್ಲ. ತಲಿ ಮ್ಯಾಲ ಇಟ್ಕೊಂಡ.

ಪಲ್ಲವಿ: ಉರಿಲಿಲ್ಲೇನು ಅವ್ರಿಗೆ?

ಅಜ್ಜ: ಉರಿಯದ ಇರ್ತೈತೇನವ್ವಾ. (ಸುಮ್ಮನಾಗುತ್ತಾನೆ.) ಭರತನೂ ಅಷ್ಟ, ಅಣ್ಣನ ಪಾದುಕಾ ಒಯ್ದು ಸಿಂಹಾಸನದ ಮ್ಯಾಲ ಇಟ್ಟ.

ಪಲ್ಲವಿ: ಅಂದ್ರ ತಲಿ ಮ್ಯಾಲ ಇಟ್ಕೊಂಡ್ರ ಬೂಟ್ ಒಳಗ ಒಯ್ಯಬೌದು!

ಅಜ್ಜ: (ನಗುತ್ತ) ಏ ವಕೀಲಮ್ಮ, ಬಿಚ್ಚು ಮದ್ಲ.

(ಪಲ್ಲವಿ ಎರಡನೇ ಬೂಟನ್ನು ಗಿಡದ ಬುಡಕ್ಕೆ ಇಟ್ಟು ಬರುತ್ತಾಳೆ. ಬಿಸಿ ಕಲ್ಲಿನ ಮೇಲೆ ಕುಣಿಯುತ್ತ ಓಡಿ ಒಳಗೆ ನೆಗೆಯುತ್ತಾಳೆ.)

ಪಲ್ಲವಿ: ಅಜ್ಜಾ! ಒಳಗ ತಣ್ಣಗ ಐತಿ!

ಅಜ್ಜ: ಬೂಟ್ ಇದ್ದಿದ್ರ ಗೊತ್ತಾಕ್ಕಿತ್ತೇನು? ಬಾ, ಮದ್ಲ ಮೂರು ಲಿಂಗಕ್ಕ ಕೈ ಮುಗಿ, ಆಮ್ಯಾಲೆ ಸರಸ್ವತಿ ಗುಡಿ. ಆ ಕಂಬದ ಕೆತ್ತಗಿ ನೋಡು, ಚಾಲುಕ್ಯರ ಕಾಲದ್ದು, 900 ವರ್ಷದ ಮ್ಯಾಲಾತು. ಬಳಪದ ಕಲ್ಲು, ಮೆತ್ತಂದು. ನಿನ್ನ ಬೂಟಿನ ಆ ಹರಳು ಸಿಕ್ರ ಗೀರತೈತಿ.

(ಪಲ್ಲವಿ ಕಂಬದ ಹತ್ತಿರ ಹೋಗಿ, ಮುಟ್ಟದೆ, ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಹೊರಗಿನಿಂದ ನಾಯಿಮರಿ ಕುಂಯ್‌ಗುಟ್ಟುವ ಸದ್ದು. ತಿರುಗಿದರೆ ಬೇವಿನ ನೆರಳಲ್ಲಿ ಕೆಂಪು ದೀಪ ಮಿಣಮಿಣ ಎನ್ನುತ್ತ ಗೇಟಿನ ಕಡೆ ಹೊರಟಿದೆ.)

ಪಲ್ಲವಿ: ಅಜ್ಜಾ, ಕಳ್ಳ! ನಾಕ್ ಕಾಲಿಂದು!

ಅಜ್ಜ: ಓಡು ಓಡು! ಒಂದ ಸಾಕಾಗಂಗಿಲ್ಲ ಅದಕ್ಕ, ಇನ್ನೊಂದಕ್ಕೂ ಬರ್ತೈತಿ!