ಹೊಸಗದ್ದೆ ಟವರ್‌ನಲ್ಲಿ ತಿಂಗಳುಗಳಿಂದ ನಿಂತಿರುವ 4ಜಿ ಡೇಟಾ ಸೇವೆಯನ್ನು ಸರಿಪಡಿಸಲು ಕೋರಿ ಗ್ರಾಮಸ್ಥರ ಮನವಿ

ದಿನಾಂಕ: 12-11-2025
ಸ್ಥಳ: ಹೊಸಗದ್ದೆ

ಇವರಿಂದ,
ಹೊಸಗದ್ದೆ, ಮೇಲಿನಕೇರಿ ಮತ್ತು ಕೆಳಗಿನಕೇರಿಯ ಗ್ರಾಮಸ್ಥರು,
ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ.

ಇವರಿಗೆ,
ಮಾನ್ಯ ವಲಯ ಮುಖ್ಯಸ್ಥರು ಹಾಗೂ ಮೇಲ್ಮನವಿ ಪ್ರಾಧಿಕಾರದವರು,
ಮೊಬೈಲ್ ಸೇವಾ ಸಂಸ್ಥೆಯ ಕರ್ನಾಟಕ ವಲಯ ಕಚೇರಿ, ಬೆಂಗಳೂರು.

ವಿಷಯ: ಕಳೆದ ಮೇ ತಿಂಗಳಿಂದ ಸ್ಥಗಿತಗೊಂಡಿರುವ ಡೇಟಾ ಸೇವೆಯ ದುರಸ್ತಿ, ದುರಸ್ತಿಯಾಗದೆಯೇ ಮುಕ್ತಾಯಗೊಳಿಸಲಾದ ದೂರುಗಳ ಮರುಪರಿಶೀಲನೆ ಮತ್ತು ರೀಚಾರ್ಜ್ ಅವಧಿಯ ವಿಸ್ತರಣೆ ಕುರಿತು.

ಮಾನ್ಯರೇ,

ಕಳೆದ ಮೇ ತಿಂಗಳ ಸಿಡಿಲು ಮಳೆಯಲ್ಲಿ ನಮ್ಮ ಊರಿನ ಟವರ್‌ಗೆ ಹಾನಿಯಾಗಿ ಮೊಬೈಲ್ ಸೇವೆ ಪೂರ್ತಿ ನಿಂತುಹೋಗಿತ್ತು. ತಮ್ಮ ಕಡೆಯ ತಂತ್ರಜ್ಞರು ಬಂದು ಕೆಲಸ ಮಾಡಿದ ನಂತರ ಕರೆಗಳು ಮತ್ತೆ ಬರತೊಡಗಿದವು. ಡೇಟಾ ಮಾತ್ರ ಇಂದಿನವರೆಗೂ ಬಂದಿಲ್ಲ. ಫೋನಿನ ಪರದೆಯ ಮೇಲೆ ಮೊದಲು 4G ಎಂದು ಕಾಣುತ್ತಿದ್ದ ಜಾಗದಲ್ಲಿ ಈಗ ಹಗಲು ರಾತ್ರಿ E ಎಂಬ ಒಂದೇ ಅಕ್ಷರ ನಿಂತಿರುತ್ತದೆ. ಅಂದರೆ ಹಳೆಯ 2ಜಿ ಸೇವೆ ಮಾತ್ರ ನಡೆಯುತ್ತಿದೆ ಎಂಬುದು ನಮಗೆ ಗೊತ್ತು. ಟವರ್‌ನ 4ಜಿ ಉಪಕರಣ ಸುಟ್ಟಿದೆ, ಬದಲಿ ಸಾಮಗ್ರಿ ಬರಬೇಕು ಎಂದು ಆಗ ಬಂದಿದ್ದ ತಂತ್ರಜ್ಞರೇ ಹೇಳಿ ಹೋಗಿದ್ದರು. ಆ ಸಾಮಗ್ರಿ ಬಂದಿತೇ, ಬಾರದಿದ್ದರೆ ಏಕೆ ಬರಲಿಲ್ಲ ಎಂಬುದನ್ನು ಮುಂಗಾರು ಮುಗಿದು ಕಾಫಿ ಕೊಯ್ಲು ಹತ್ತಿರವಾದರೂ ಯಾರೂ ನಮಗೆ ತಿಳಿಸಿಲ್ಲ.

ಈ ವಿಳಂಬಕ್ಕಿಂತಲೂ ನಮ್ಮನ್ನು ಹೆಚ್ಚು ನೋಯಿಸಿರುವುದು ನಮ್ಮ ದೂರುಗಳಿಗೆ ಸಿಕ್ಕಿರುವ ಉತ್ತರ. ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದವರಿಗೆಲ್ಲ ದೂರು ಸಂಖ್ಯೆ ಬರುತ್ತದೆ. ಕೆಲವು ದಿನಗಳ ನಂತರ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶವೂ ಬರುತ್ತದೆ. ಆ ಸಂದೇಶ ಬಂದ ಗಳಿಗೆಯಲ್ಲೂ ಫೋನಿನಲ್ಲಿ E ಎಂದೇ ಇರುತ್ತದೆ. ಫೋನನ್ನು ಆಫ್ ಮಾಡಿ ಆನ್ ಮಾಡಿ, ಸಿಮ್ ತೆಗೆದು ಹಾಕಿ, ಸೆಟ್ಟಿಂಗ್ ಬದಲಿಸಿ ಎಂಬ ಸಲಹೆಗಳನ್ನು ಊರಿನ ಪ್ರತಿಯೊಬ್ಬರೂ ಪಾಲಿಸಿದ್ದಾರೆ. ಇದೇ ಫೋನುಗಳು, ಇದೇ ಸಿಮ್‌ಗಳು ಸಕಲೇಶಪುರ ಪೇಟೆಗೆ ಹೋದ ಕೂಡಲೇ ಸರಿಯಾಗಿ ಕೆಲಸ ಮಾಡುತ್ತವೆ. ಆದ್ದರಿಂದ ದೋಷವಿರುವುದು ನಮ್ಮ ಫೋನುಗಳಲ್ಲಲ್ಲ, ಟವರ್‌ನಲ್ಲಿ. ದುರಸ್ತಿಯಾಗದ ದೂರನ್ನು ಪರಿಹಾರವಾಯಿತೆಂದು ಮುಚ್ಚುವುದರಿಂದ ತಮ್ಮ ಮೇಲಧಿಕಾರಿಗಳಿಗೂ ಇಲ್ಲಿನ ನಿಜಸ್ಥಿತಿ ತಲುಪದೆ ಹೋಗಿರಬಹುದೆಂದು ಭಾವಿಸಿ ಈ ಮನವಿಯನ್ನು ನೇರವಾಗಿ ತಮಗೇ ಸಲ್ಲಿಸುತ್ತಿದ್ದೇವೆ.

ನಮ್ಮ ಹೋಬಳಿ ಕಾಡಾನೆಗಳ ಓಡಾಟವಿರುವ ಪ್ರದೇಶ. ಸಕಲೇಶಪುರ, ಆಲೂರು, ಬೇಲೂರು ಭಾಗಗಳಲ್ಲಿ ತೋಟದ ಕೆಲಸಕ್ಕೆ ಹೋದವರು ಆನೆ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಿರುವುದು ತಮಗೂ ತಿಳಿದ ವಿಷಯ. ಆನೆಗಳು ಎಲ್ಲಿವೆ, ಯಾವ ಎಸ್ಟೇಟಿನ ಕಡೆಗೆ ಹೊರಟಿವೆ ಎಂಬುದನ್ನು ಅರಣ್ಯ ಇಲಾಖೆಯ ಸಿಬ್ಬಂದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿಳಿಸುತ್ತಾರೆ. ಆ ಒಂದು ಸಂದೇಶವನ್ನು ನೋಡಿಕೊಂಡೇ ನಾವು ಕೆಲಸದವರನ್ನು ಯಾವ ತೋಟಕ್ಕೆ ಕಳಿಸಬೇಕು, ಮಕ್ಕಳನ್ನು ಬಸ್ಸಿನವರೆಗೆ ಯಾವ ದಾರಿಯಲ್ಲಿ ಕರೆದೊಯ್ಯಬೇಕು ಎಂದು ತೀರ್ಮಾನಿಸುತ್ತಿದ್ದೆವು. ಈಗ ಬೆಳಿಗ್ಗೆ ಆರಕ್ಕೆ ಹಾಕಿದ ಸಂದೇಶ ನಮ್ಮನ್ನು ತಲುಪುವುದು ಯಾರಾದರೂ ದೇವಸ್ಥಾನದ ಹಿಂದಿನ ಗುಡ್ಡ ಹತ್ತಿ, ಆಚೆ ಕಡೆಯ ಟವರ್‌ನ ಕ್ಷೀಣ ಸಿಗ್ನಲ್ ಹಿಡಿದಾಗ. ಆ ಗುಡ್ಡದ ದಾರಿಯೂ ಆನೆಗಳು ದಾಟುವ ದಾರಿಯೇ. ಎಚ್ಚರಿಕೆ ಓದುವುದಕ್ಕೆಂದೇ ಅಪಾಯದ ಜಾಗಕ್ಕೆ ಹೋಗಬೇಕಾದ ಈ ಪರಿಸ್ಥಿತಿಯನ್ನು ತಾವು ದಯವಿಟ್ಟು ಗಂಭೀರವಾಗಿ ಪರಿಗಣಿಸಬೇಕು. ಕೊಯ್ಲು ಶುರುವಾದರೆ ನಸುಕಿನಲ್ಲೇ ತೋಟಕ್ಕಿಳಿಯುವ ಹೆಣ್ಣಾಳು ಗಂಡಾಳುಗಳ ಸಂಖ್ಯೆ ಹೆಚ್ಚುತ್ತದೆ. ಅದಕ್ಕೆ ಮುನ್ನ ಸೇವೆ ಸರಿಯಾಗಲೇಬೇಕು ಎಂಬುದು ನಮ್ಮ ಒತ್ತಾಯ.

ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿರುವುದೂ ತಮ್ಮದೇ ಸಿಮ್. ಬೆರಳಚ್ಚು ಕೊಟ್ಟ ಮೇಲೆ ಅದು ಉತ್ತರಕ್ಕಾಗಿ ಕಾಯುತ್ತಾ ಕಾಯುತ್ತಾ ಕಡೆಗೆ ಸಂಪರ್ಕ ಸಿಗಲಿಲ್ಲವೆಂದು ತೋರಿಸುತ್ತದೆ. ಅಂಗಡಿಯವರು ಪಡಿತರದ ದಿನಗಳಲ್ಲಿ ಯಂತ್ರವನ್ನು ಗುಡ್ಡದ ಬುಡಕ್ಕೆ ಒಯ್ದು ಅಲ್ಲಿಯೇ ಸಾಲು ನಿಲ್ಲಿಸುತ್ತಿದ್ದಾರೆ. ಕೋಲೂರಿಕೊಂಡು ನಡೆಯುವ ವೃದ್ಧರೂ ಅಲ್ಲಿಗೆ ಬಂದು ಹೆಬ್ಬೆರಳು ಒತ್ತಿ, ಅಕ್ಕಿಗಾಗಿ ಮತ್ತೆ ಅಂಗಡಿಗೆ ಇಳಿಯಬೇಕು. ತೋಟದ ಕೆಲಸಕ್ಕೆ ಹೊರಗಿನಿಂದ ಬಂದಿರುವವರಿಗೆ ವಾರದ ಬಟವಾಡೆಯನ್ನು ಫೋನಿನಲ್ಲಿ ಹಾಕಲಾಗುತ್ತಿಲ್ಲ, ಅವರು ಮನೆಗೆ ಹಣ ಕಳಿಸಲೂ ಆಗುತ್ತಿಲ್ಲ. ಅಂಗನವಾಡಿಯ ದಾಖಲಾತಿ, ಪಿಯುಸಿ ಮಕ್ಕಳ ಓದು, ದಿನದ ಕಾಫಿ ಮತ್ತು ಮೆಣಸಿನ ಧಾರಣೆ ಎಲ್ಲವೂ ಇದೇ ರೀತಿ ಸಿಕ್ಕಿಹಾಕಿಕೊಂಡಿವೆ.

ಇಷ್ಟಾದರೂ ಒಂದು ತಿಂಗಳೂ ತಪ್ಪದೆ ನಾವು ರೀಚಾರ್ಜ್ ಮಾಡಿಸುತ್ತಿದ್ದೇವೆ, ಮಾಡಿಸದಿದ್ದರೆ ಕರೆಗಳೂ ನಿಲ್ಲುತ್ತವೆ. ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಎಂದು ಹಣ ಕೊಟ್ಟು ಪಡೆದ ಡೇಟಾ ಬಳಸಲಾಗದೆ ಪ್ರತಿ ಮಧ್ಯರಾತ್ರಿ ಮುಗಿದುಹೋಗುತ್ತಿದೆ. ಬೇರೆ ಸಂಸ್ಥೆಗೆ ನಂಬರ್ ಬದಲಿಸಿಕೊಳ್ಳಿ ಎಂದು ಹೇಳುವುದು ಸುಲಭ. ಆದರೆ ನಮ್ಮ ಮೂರು ಕೇರಿಗಳಿಗೆ ಈ ಒಂದು ಟವರ್ ಬಿಟ್ಟರೆ ಬೇರೆ ಆಸರೆಯಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಗಳ ಪ್ರಕಾರ, ಜಿಲ್ಲಾ ಮಟ್ಟದಲ್ಲಿ 24 ಗಂಟೆ ಮೀರಿ ಸೇವೆ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತವನ್ನೂ ಪ್ರಿಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ವಿಸ್ತರಣೆಯನ್ನೂ ಕೊಡಬೇಕು. ನಮ್ಮದು ಒಂದೇ ಟವರ್‌ನ ತೊಂದರೆಯಾದ್ದರಿಂದ ಆ ನಿಯಮ ಅಕ್ಷರಶಃ ಇಲ್ಲಿಗೆ ಅನ್ವಯಿಸದಿರಬಹುದು. ಆದರೆ ಇಡೀ ಜಿಲ್ಲೆಗೆ ಒಂದು ದಿನ ಸೇವೆ ತಪ್ಪಿದರೆ ಪರಿಹಾರ ನ್ಯಾಯವೆನ್ನುವುದಾದರೆ, ಒಂದು ಊರಿಗೆ ಇಡೀ ಮಳೆಗಾಲ ತಪ್ಪಿದಾಗ ಅದು ಅನ್ಯಾಯವಾಗಲಾರದು. ಅದೇ ನಿಯಮಗಳಂತೆ ತಾವು ಜಾಲತಾಣದಲ್ಲಿ ಪ್ರಕಟಿಸಿರುವ ವ್ಯಾಪ್ತಿ ನಕ್ಷೆಯಲ್ಲಿ ಹೊಸಗದ್ದೆ ಈಗಲೂ 4ಜಿ ಇರುವ ಊರೆಂದೇ ತೋರುತ್ತಿದೆ.

ಆದ್ದರಿಂದ ಸುಟ್ಟ ಉಪಕರಣವನ್ನು ಈ ತಿಂಗಳೊಳಗೆ ಬದಲಿಸಿ, ಕೆಲಸ ಯಾವ ದಿನ ಮುಗಿಯುವುದೆಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಮುಚ್ಚಿರುವ ನಮ್ಮ ದೂರುಗಳನ್ನು ಮತ್ತೆ ತೆರೆದು, ಟವರ್ ಬಳಿ ಪರೀಕ್ಷೆ ಮಾಡಿ, ಊರಿನವರ ಎದುರಿನಲ್ಲಿ ಡೇಟಾ ಬಂದ ಮೇಲೆಯೇ ಮುಕ್ತಾಯಗೊಳಿಸಬೇಕು. ಸೇವೆ ಸಿಗದ ತಿಂಗಳುಗಳಷ್ಟು ವ್ಯಾಲಿಡಿಟಿಯನ್ನು ವಿಸ್ತರಿಸಬೇಕು ಮತ್ತು ದುರಸ್ತಿಯಾಗುವವರೆಗೆ ನಕ್ಷೆಯಲ್ಲಿ ನಮ್ಮ ಊರಿನ ನಿಜಸ್ಥಿತಿಯನ್ನು ತೋರಿಸಬೇಕು. ಮುಂದಿನ ಮಳೆಗಾಲದಲ್ಲಿ ಹೀಗೆಯೇ ಆಗದಂತೆ ಟವರ್‌ನ ಸಿಡಿಲು ರಕ್ಷಣೆ ಮತ್ತು ಅರ್ಥಿಂಗ್ ಅನ್ನು ಪರಿಶೀಲಿಸಬೇಕು.

ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳಂತೆ ಇದನ್ನು ಮೇಲ್ಮನವಿಯಾಗಿ ಪರಿಗಣಿಸಿ 39 ದಿನಗಳೊಳಗೆ ತೀರ್ಮಾನ ತಿಳಿಸಬೇಕೆಂದು ವಿನಂತಿಸುತ್ತೇವೆ. ಆ ಅವಧಿಯಲ್ಲಿ ಕ್ರಮವಾಗದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಲು ಗ್ರಾಮಸಭೆಯಲ್ಲಿ ಒಮ್ಮತದಿಂದ ತೀರ್ಮಾನಿಸಿದ್ದೇವೆ. ತಮ್ಮ ಎಂಜಿನಿಯರ್‌ಗಳು ಬಂದರೆ ಟವರ್‌ವರೆಗಿನ ದಾರಿ ತೋರಿಸಲು, ಸಾಮಗ್ರಿ ಸಾಗಿಸಲು ಜೀಪು ಒದಗಿಸಲು ಊರಿನವರು ಸಿದ್ಧರಿದ್ದೇವೆ.

ಲಗತ್ತುಗಳು: ಗ್ರಾಮಸ್ಥರ ಸಹಿ ಮತ್ತು ಮೊಬೈಲ್ ಸಂಖ್ಯೆಗಳ ಪಟ್ಟಿ, ದೂರು ಸಂಖ್ಯೆಗಳು, ಫೋನ್ ಪರದೆಯ ಚಿತ್ರಗಳು, ರೀಚಾರ್ಜ್ ರಸೀದಿಗಳು.

ಇಂತಿ ತಮ್ಮ ವಿಶ್ವಾಸಿಗಳು,
ಹೊಸಗದ್ದೆ, ಮೇಲಿನಕೇರಿ ಮತ್ತು ಕೆಳಗಿನಕೇರಿಯ ಸಮಸ್ತ ಗ್ರಾಮಸ್ಥರು

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ಹಾಸನ, ಮಾನ್ಯ ತಹಶೀಲ್ದಾರರು, ಸಕಲೇಶಪುರ, ವಲಯ ಅರಣ್ಯಾಧಿಕಾರಿಗಳು, ಗ್ರಾಮ ಪಂಚಾಯಿತಿ ಅಧ್ಯಕ್ಷರು.