ಕಾರ್ಖಾನೆ, ಸೈನ್ಯ, ಯೂನಿವರ್ಸಿಟಿ ಒಂದೇ ಸಾಲಿಗೆ ಬಂದಿದ್ದು ಹೇಗೆ: ವೆಬರ್‌ನ ಆದರ್ಶ ಮಾದರಿ ಬಗ್ಗೆ

ಸಮಾಜಶಾಸ್ತ್ರ ಓದಿದವರಿಗೆಲ್ಲ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅಂದ್ರೆ ಮೊದಲು ನೆನಪಾಗೋದು ಪಟ್ಟಿಗಳು. ನಾಲ್ಕು ತರದ ಸಾಮಾಜಿಕ ಕ್ರಿಯೆ, ಮೂರು ತರದ ಅಧಿಕಾರ, ಅಧಿಕಾರಶಾಹಿಯ ಲಕ್ಷಣಗಳು. ಇದನ್ನ ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬ್ಯಾಂಕು ವೈಚಾರಿಕ, ಮಠ ಸಾಂಪ್ರದಾಯಿಕ, ಪಕ್ಷದ ನಾಯಕ ವರ್ಚಸ್ವಿ ಅಂತ ಬರೆದು ಮುಗಿಸ್ತೀವಿ. ನಂಗೆ ಇದು ವೆಬರ್‌ಗೆ ಮಾಡೋ ದೊಡ್ಡ ಅನ್ಯಾಯ ಅನ್ಸುತ್ತೆ, ಯಾಕಂದ್ರೆ ಅವನು ಈ ಮಾದರಿಗಳನ್ನ ಕಟ್ಟಿದ್ದೇ ಒಂದು ಸಂಸ್ಥೆಯೊಳಗೆ ಎಷ್ಟು ತರದ ಕ್ರಿಯೆ ಬೆರೆತಿದೆ ಅಂತ ಬಿಡಿಸಿ ನೋಡೋಕೆ, ಅಂಥದ್ದರಲ್ಲಿ ನಾವು ಅದೇ ಮಾದರಿ ಹಿಡ್ಕೊಂಡು ನೋಡೋದನ್ನೇ ನಿಲ್ಲಿಸಿಬಿಡ್ತೀವಿ.

1904ರಲ್ಲಿ ವೆಬರ್, ಎಡ್ಗರ್ ಯಾಫೆ, ವೆರ್ನರ್ ಸೊಂಬಾರ್ಟ್ ಮೂರೂ ಜನ ಸೇರಿ ಒಂದು ಸಮಾಜವಿಜ್ಞಾನ ಪತ್ರಿಕೆಯ ಸಂಪಾದಕತ್ವ ವಹಿಸ್ಕೊಂಡ್ರು. ಅದಕ್ಕೆ ದಿಕ್ಕು ತೋರಿಸೋಕೆ ಅಂತ ವೆಬರ್ ವಸ್ತುನಿಷ್ಠತೆ ಬಗ್ಗೆ ಒಂದು ಉದ್ದ ಪ್ರಬಂಧ ಬರೆದ, ಆದರ್ಶ ಮಾದರಿಯ ವಿಚಾರ ವಿವರವಾಗಿ ಬರೋದು ಅದರಲ್ಲೇ. ಸಂಶೋಧಕನಿಗೆ ಒಂದು ಪ್ರಶ್ನೆ ಇರುತ್ತೆ, ಆ ಪ್ರಶ್ನೆಗೆ ಮುಖ್ಯ ಅನ್ಸಿದ ಕೆಲವು ಗುಣಗಳನ್ನ ವಾಸ್ತವದಿಂದ ಹೆಕ್ಕಿ, ಬೇಕಂತಲೇ ಒಂದು ಕಡೆಗೆ ಎಳೆದು, ಹೆಚ್ಚು ಮಾಡಿ, ಒಳಗೊಳಗೆ ವಿರೋಧ ಇಲ್ಲದ ಹಾಗೆ ಒಂದು ಚಿತ್ರ ಕಟ್ತಾನೆ. ಆ ಚಿತ್ರ ಅದೇ ಶುದ್ಧ ರೂಪದಲ್ಲಿ ಎಲ್ಲೂ ಸಿಗಲ್ಲ, ಸಿಗಬೇಕಂತನೂ ಇಲ್ಲ. ಅದನ್ನ ಸರಾಸರಿ ತೆಗೆದು ಮಾಡಿದ್ದೂ ಅಲ್ಲ. ಒಳ್ಳೆ ಸಂಸ್ಥೆ ಹೀಗಿರಬೇಕು ಅಂತ ಹೇಳೋ ಉಪದೇಶನೂ ಅಲ್ಲ, ಧರ್ಮಕ್ಕೆ ಹೇಗೆ ಆದರ್ಶ ಮಾದರಿ ಕಟ್ಟಬಹುದೋ ವೇಶ್ಯಾಗೃಹಕ್ಕೂ ಹಾಗೇ ಕಟ್ಟಬಹುದು ಅಂತ ಅವನೇ ಅಲ್ಲಿ ಬರೀತಾನೆ. ಅದರ ಕೆಲಸ ಏನಪ್ಪ ಅಂದ್ರೆ ನಿಜವಾದ ಸಂಸ್ಥೆಯನ್ನ ಪಕ್ಕಕ್ಕೆ ಇಟ್ಟು ಎಲ್ಲಿ ಹೊಂದುತ್ತೆ, ಎಲ್ಲಿ ದೂರ ಸರಿಯುತ್ತೆ, ಆ ದೂರಕ್ಕೆ ಕಾರಣ ಏನು ಅಂತ ಕೇಳೋಕೆ ದಾರಿ ಮಾಡಿಕೊಡೋದು. ಹೊಂದೋದಕ್ಕಿಂತ ಹೊಂದದೇ ಇರೋ ಜಾಗದಲ್ಲೇ ಹೆಚ್ಚು ವಿಷಯ ಸಿಗೋದು.

ಕ್ರಿಯೆಯ ನಾಲ್ಕು ಮಾದರಿಗಳೂ ಇದೇ ತರ. ಗುರಿಗೆ ತಕ್ಕ ದಾರಿ, ಖರ್ಚು, ಅಡ್ಡಪರಿಣಾಮ ಎಲ್ಲ ಲೆಕ್ಕ ಹಾಕಿ ಮಾಡೋದು ಗುರಿ-ವೈಚಾರಿಕ. ಫಲ ಏನಾದ್ರೂ ಆಗಲಿ ಇದು ನನ್ನ ಕರ್ತವ್ಯ, ನನ್ನ ನಂಬಿಕೆ ಅಂತ ಮಾಡೋದು ಮೌಲ್ಯ-ವೈಚಾರಿಕ. ಸಿಟ್ಟು, ಪ್ರೀತಿ, ಆವೇಶದಲ್ಲಿ ಮಾಡೋದು ಭಾವನಾತ್ಮಕ. ಹಿಂದಿನಿಂದ ಹೀಗೇ ನಡ್ಕೊಂಡು ಬಂದಿದೆ ಅಂತ ಮಾಡೋದು ಸಾಂಪ್ರದಾಯಿಕ. ಪಟ್ಟಿ ಇಷ್ಟೇ, ಆದ್ರೆ ಇದನ್ನ ಬಳಸೋದು ಹೇಗೆ ಅಂತ ಪ್ರೊಟೆಸ್ಟೆಂಟ್ ನೀತಿಯ ಬಗೆಗಿನ ಅವನ ಪ್ರಬಂಧದಲ್ಲಿ ಬರೋ ಒಂದು ಕೊಯ್ಲಿನ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ. ಒಬ್ಬ ಕೂಲಿಯಾಳು ಒಂದು ಮಾರ್ಗೆನ್ ಹೊಲಕ್ಕೆ 1 ಮಾರ್ಕ್‌ನಂತೆ ದಿನಕ್ಕೆ ಎರಡೂವರೆ ಮಾರ್ಗೆನ್ ಕೊಯ್ದು 2.50 ಮಾರ್ಕ್ ದುಡೀತಿದ್ದ. ಕೊಯ್ಲು ಬೇಗ ಮುಗೀಲಿ ಅಂತ ಮಾಲೀಕ ದರವನ್ನ 1.25ಕ್ಕೆ ಏರಿಸ್ತಾನೆ, ಇನ್ನೂ ಹೆಚ್ಚು ಕೊಯ್ತಾನೆ ಅಂತ ಅವನ ನಿರೀಕ್ಷೆ. ಮೂರು ಮಾರ್ಗೆನ್ ಕೊಯ್ದಿದ್ರೆ 3.75 ಮಾರ್ಕ್ ಸಿಗ್ತಿತ್ತು. ಆಳು ಮಾಡಿದ್ದೇನಂದ್ರೆ ಎರಡೇ ಮಾರ್ಗೆನ್ ಕೊಯ್ದು, ಅದೇ 2.50 ತಗೊಂಡು ಕೆಲಸ ನಿಲ್ಲಿಸಿದ.

ಮಾಲೀಕನ ಕಣ್ಣಲ್ಲಿ ಇವನು ಸೋಮಾರಿ ಅಥವಾ ದಡ್ಡ. ವೆಬರ್ ಹಾಗೆ ನೋಡಲ್ಲ. ದಿನಕ್ಕೆ ಎಷ್ಟು ಬೇಕು, ಅದಕ್ಕೆ ಎಷ್ಟು ದುಡೀಬೇಕು ಅನ್ನೋದು ಈ ಆಳಿನ ಪ್ರಶ್ನೆ, ಎಷ್ಟು ದುಡಿದ್ರೆ ಎಷ್ಟು ಹೆಚ್ಚು ಸಿಗುತ್ತೆ ಅನ್ನೋದು ಮಾಲೀಕನ ಪ್ರಶ್ನೆ. ಇಬ್ಬರೂ ಲೆಕ್ಕ ಹಾಕ್ತಿದ್ದಾರೆ, ಆಳಿನ ಲೆಕ್ಕ ತಪ್ಪಿಲ್ಲದೆ ಸರಿಯಾಗೇ ಇದೆ, ಆದ್ರೆ ಅವನು ಮುಟ್ಟಬೇಕಾದ ಗುರಿಯನ್ನ ರೂಢಿ ಮೊದಲೇ ಗೊತ್ತು ಮಾಡಿಬಿಟ್ಟಿದೆ. ಹೆಚ್ಚು ಹೆಚ್ಚು ದುಡೀಬೇಕು ಅನ್ನೋದು ಮನುಷ್ಯನ ಹುಟ್ಟುಗುಣ ಅಲ್ಲ, ಚರಿತ್ರೆಯಲ್ಲಿ ಯಾರೋ ಎಲ್ಲೋ ಕಲಿತಿದ್ದು ಅನ್ನೋದು ಈ ಸಣ್ಣ ಲೆಕ್ಕದಿಂದಲೇ ಎದ್ದು ಕಾಣುತ್ತೆ.

ಅದೇ 1904ರಲ್ಲಿ ವೆಬರ್ ಮತ್ತು ಹೆಂಡತಿ ಮರಿಯಾನೆ ಅಮೆರಿಕಕ್ಕೆ ಹೋಗ್ತಾರೆ. ನಾರ್ತ್ ಕ್ಯಾರೊಲಿನಾದಲ್ಲಿ ಅವನ ನೆಂಟರಿದ್ದರು. ಅಕ್ಟೋಬರ್ ತಿಂಗಳ ಒಂದು ಭಾನುವಾರ, ಚಳಿಯೋ ಚಳಿ, ಬೆಟ್ಟದ ತೊರೆಯಿಂದ ತುಂಬೋ ಒಂದು ಕೊಳದಲ್ಲಿ ಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಪಂಗಡದ ದೀಕ್ಷೆ ನಡೀತಿದೆ. ಕಪ್ಪು ಸೂಟ್ ಹಾಕಿರೋ ಪಾದ್ರಿ ಸೊಂಟದ ತನಕ ನೀರಲ್ಲಿ ನಿಂತು ಒಬ್ಬೊಬ್ಬರನ್ನೇ ಮುಳುಗಿಸಿ ಎತ್ತುತ್ತಾ ಇದ್ದಾನೆ. ಪಕ್ಕದಲ್ಲಿದ್ದ ನೆಂಟ, ಅವನಿಗೆ ಚರ್ಚಿನ ಗೋಜೇ ಇಲ್ಲ, ಒಬ್ಬ ಯುವಕನನ್ನ ತೋರಿಸಿ ನೋಡು ನಾನು ಹೇಳಿರ್ಲಿಲ್ವಾ ಅಂತಾನೆ. ಯಾಕೆ ಅಂತ ಕೇಳಿದ್ರೆ ಅವನು ಊರಲ್ಲಿ ಬ್ಯಾಂಕ್ ತೆರೀಬೇಕು ಅಂತಿದ್ದಾನೆ ಅದಕ್ಕೆ ಅನ್ನೋ ಉತ್ತರ. ಅಷ್ಟೊಂದು ಬ್ಯಾಪ್ಟಿಸ್ಟರು ಇಲ್ಲಿದ್ದಾರಾ ಅಂದ್ರೆ ಇಲ್ಲ, ಆದ್ರೆ ಒಂದ್ಸಲ ದೀಕ್ಷೆ ಆದ್ರೆ ಸುತ್ತಮುತ್ತಲ ಗಿರಾಕಿಗಳೆಲ್ಲ ಇವನ ಹತ್ರನೇ ಬರ್ತಾರೆ, ಬೇರೆಯವರಿಗೆ ಪೈಪೋಟಿ ಕೊಡೋಕಾಗಲ್ಲ ಅಂತಾನೆ.

ಈಗ ಆ ಪಂಗಡವನ್ನ ಯಾವ ಖಾನೆಗೆ ಹಾಕ್ತೀರಾ? ಯುವಕನ ಲೆಕ್ಕ ಗುರಿ-ವೈಚಾರಿಕ ಅನ್ನೋದೇನೋ ಸರಿ. ಆದ್ರೆ ಆ ಲೆಕ್ಕ ಫಲಿಸೋದೇ ಪಂಗಡ ಮೌಲ್ಯ-ವೈಚಾರಿಕವಾಗಿ ನಡ್ಕೊಳ್ಳೋದ್ರಿಂದ, ಯಾಕಂದ್ರೆ ಸೇರಿಸಿಕೊಳ್ಳೋ ಮುಂಚೆ ಅವರು ಮನುಷ್ಯನ ನಡತೆ, ಸಾಲ, ಕುಡಿತ ಎಲ್ಲ ಕೆದಕಿ ವಿಚಾರಿಸ್ತಾರೆ. ಕಾಸಿಗೆ ಸದಸ್ಯತ್ವ ಕೊಟ್ಟಿದ್ರೆ ಆ ದೀಕ್ಷೆಗೆ ಮಾರ್ಕೆಟ್ಟಿನಲ್ಲಿ ಮೂರು ಕಾಸಿನ ಬೆಲೆಯೂ ಇರ್ತಿರ್ಲಿಲ್ಲ. ಚರ್ಚಿನೊಳಗೆ ಜನ ಹುಟ್ಟಿನಿಂದ ಇರ್ತಾರೆ, ಪಂಗಡಕ್ಕೆ ಅರ್ಹತೆ ತೋರಿಸಿ ಸೇರಬೇಕು, ಈ ಎರಡು ಮಾದರಿಗಳನ್ನ ವೆಬರ್ ಬೇರೆ ಮಾಡಿದ್ದು ಇದಕ್ಕೇ. ಒಂದು ಸಂಸ್ಥೆ ತನ್ನ ಮೌಲ್ಯಕ್ಕೆ ನಿಷ್ಠವಾಗಿದ್ದೇ ಇನ್ನೊಂದು ಸಂಸ್ಥೆಯ ಲಾಭದ ಲೆಕ್ಕಕ್ಕೆ ಬುನಾದಿ ಆಗೋದು ಮಾದರಿಗಳು ಬೇರೆ ಬೇರೆ ಇದ್ರೇನೇ ಕಾಣ್ಸೋದು. ಇಲ್ಲಾಂದ್ರೆ ಧರ್ಮದ ಹೆಸರಲ್ಲಿ ವ್ಯಾಪಾರ ಅಂತ ಮೂಗು ಮುರಿದು ಮುಂದೆ ಹೋಗ್ತಿದ್ವಿ.

ಹಾಗಾದ್ರೆ ಆಧುನಿಕ ಸಂಸ್ಥೆ ಅಂತ ಯಾವುದನ್ನ ಕರೀಬೇಕು? ಒಳಗಿರೋ ಜನ ಲೆಕ್ಕಾಚಾರದವರು ಅನ್ನೋದು ಸಾಕಾಗಲ್ಲ. 1919ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ರಾಜಕಾರಣದ ಬಗ್ಗೆ ಕೊಟ್ಟ ಉಪನ್ಯಾಸದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಮುಂದೆ ಇಟಲಿಯ ರಾಜನೀತಿ ಚಿಂತಕ ಮಾಕಿಯವೆಲಿ ಏನೂ ಅಲ್ಲ ಅನ್ನೋ ಅರ್ಥದ ಮಾತನ್ನ ವೆಬರ್ ಆಡಿದ್ದ. (ಆ ಗ್ರಂಥದ ಓಲೆಗರಿಯನ್ನ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ರು, ಹತ್ತೇ ವರ್ಷದಲ್ಲಿ ಅದು ಮ್ಯೂನಿಕ್‌ನ ಸಭಾಂಗಣ ಮುಟ್ಟಿತ್ತು ಅಂದ್ರೆ ನಂಗೆ ಈಗ್ಲೂ ಖುಷಿ ಆಗುತ್ತೆ.) ಅಂದ್ರೆ ಗುರಿ ಇಟ್ಟು ನಿರ್ದಾಕ್ಷಿಣ್ಯವಾಗಿ ಲೆಕ್ಕ ಹಾಕೋದು ಹಳೇ ರಾಜರಿಗೂ ಚೆನ್ನಾಗೇ ಗೊತ್ತಿತ್ತು. ಹೊಸದಾಗಿರೋದು ಏನಂದ್ರೆ ಆ ಲೆಕ್ಕ ಯಾವನೋ ಒಬ್ಬ ಜಾಣನ ತಲೆಯಿಂದ ಇಳಿದು ನಿಯಮ, ಫೈಲು, ಹುದ್ದೆ, ಸಂಬಳ, ಲೆಕ್ಕಪುಸ್ತಕಗಳಲ್ಲಿ ಬಂದು ಕೂತಿದ್ದು. ಮನೆಯ ಹಣ ಬೇರೆ, ಆಫೀಸಿನ ಹಣ ಬೇರೆ. ಹುದ್ದೆಯಲ್ಲಿರೋನು ಬದಲಾದ್ರೂ ಕೆಲಸ ಹಾಗೇ ನಡೀಬೇಕು. ಅವನಿಗೆ ಆ ಕೆಲಸದಲ್ಲಿ ಶ್ರದ್ಧೆ ಇದೆಯೋ ಸಂಬಳಕ್ಕೆ ಮಾಡ್ತಿದ್ದಾನೋ ಅಂತ ಸಂಸ್ಥೆ ಕೇಳಲ್ಲ.

ಇದನ್ನ ವೆಬರ್ ಪುಸ್ತಕದಲ್ಲಿ ಮಾತ್ರ ಕಂಡಿದ್ದಲ್ಲ. 1914ರಲ್ಲಿ ಯುದ್ಧ ಶುರುವಾದಾಗ ಐವತ್ತು ವಯಸ್ಸಿನ ಅವನನ್ನ ಹೈಡೆಲ್ಬರ್ಗ್ ಕಡೆಯ ಮಿಲಿಟರಿ ಆಸ್ಪತ್ರೆಗಳ ಆಡಳಿತಕ್ಕೆ ಹಾಕ್ತಾರೆ, ಅಲ್ಲಿ ಒಂಬತ್ತು ಆಸ್ಪತ್ರೆ ಎದ್ದು ನಿಲ್ತವೆ, ಸುಮಾರು ಒಂದು ವರ್ಷ ಅದೇ ಕೆಲಸ. ಬಿಡುವಾಗ ಬರೆದ ವರದಿಯಲ್ಲಿ ಶುರುವಿನಲ್ಲಿ ಸ್ವಯಂಪ್ರೇರಣೆಯಿಂದ ಬಂದವರು ಅನುಭವ ಇಲ್ಲದೆ ನಡೆಸಿದ ಆಡಳಿತ ಬರ್ತಾ ಬರ್ತಾ ಅಧಿಕಾರಶಾಹಿ ಆಡಳಿತ ಆಗಿದ್ದನ್ನ ವಿವರಿಸ್ತಾನೆ. ನಾಲ್ಕು ಮಾದರಿಗಳನ್ನ ಇಲ್ಲಿಗೆ ತಂದು ಇಟ್ಟು ನೋಡಿ. ಗಾಯಾಳುಗಳ ಮೇಲಿನ ಕನಿಕರ, ದೇಶಕ್ಕಾಗಿ ಅನ್ನೋ ಆವೇಶ, ಅಂದ್ರೆ ಭಾವನಾತ್ಮಕ ಮತ್ತು ಮೌಲ್ಯ-ವೈಚಾರಿಕ ಕ್ರಿಯೆಗಳಿಂದ ಶುರುವಾದ ಸಂಸ್ಥೆ, ಅವೇ ಕಾರಣಗಳಿಗೋಸ್ಕರ ನಡೀತಾ ಇರಬೇಕು ಅಂದ್ರೆ ಪಾಳಿ, ಸಂಬಳದ ನೌಕರ, ರಿಜಿಸ್ಟರು, ಶಿಸ್ತಿನ ನಿಯಮ ಬೇಕೇ ಬೇಕು. ವೈಚಾರಿಕೀಕರಣ ಅಂದ್ರೆ ಕನಿಕರ ಸತ್ತುಹೋಯ್ತು ಅಂತ ಅಲ್ಲ, ಕನಿಕರ ಇಲ್ಲದ ದಿನವೂ ರೋಗಿಗೆ ಬ್ಯಾಂಡೇಜು ಬದಲಾಗೋ ಹಾಗೆ ಏರ್ಪಾಡು ಆಯ್ತು ಅಂತ. ಇದು ಸಣ್ಣ ಸಾಧನೆ ಅಂತ ನಂಗೆ ಯಾವತ್ತೂ ಅನ್ಸಿಲ್ಲ.

ಆದ್ರೆ ಇದಕ್ಕೊಂದು ಬೆಲೆ ಇದೆ. ಕೆಲಸಗಾರ ತನ್ನ ಉಪಕರಣಗಳಿಂದ ಬೇರೆ ಆಗಿದ್ದಾನೆ ಅಂತ ಮಾರ್ಕ್ಸ್ ಕಾರ್ಖಾನೆ ಬಗ್ಗೆ ಹೇಳಿದ್ದು ಎಲ್ಲರಿಗೂ ಗೊತ್ತು. 1918ರಲ್ಲಿ ವಿಯೆನ್ನಾದಲ್ಲಿ ಸೈನ್ಯದ ಅಧಿಕಾರಿಗಳಿಗೆ ಸಮಾಜವಾದದ ಬಗ್ಗೆ ಉಪನ್ಯಾಸ ಕೊಡುವಾಗ ವೆಬರ್ ಅದನ್ನ ಕಾರ್ಖಾನೆಯಿಂದ ಆಚೆಗೆ ಎಳೀತಾನೆ. ಹಳೇ ಕಾಲದ ಯೋಧ ಕುದುರೆ, ಆಯುಧ ತಾನೇ ತರ್ತಿದ್ದ, ಈಗಿನ ಸೈನಿಕನಿಗೆ ಬಂದೂಕು ಕೊಡೋದು ರಾಜ್ಯ. ಅಧಿಕಾರಿಯ ಕೈಲಿರೋ ಕಚೇರಿ ಅವನದ್ದಲ್ಲ. 1917ರ ವಿಜ್ಞಾನದ ಉಪನ್ಯಾಸದಲ್ಲೂ ಇದೇ ಮಾತು ಬಂದಿತ್ತು, ದೊಡ್ಡ ಪ್ರಯೋಗಾಲಯದ ಸಹಾಯಕ ಉಪಕರಣಕ್ಕೆ ನಿರ್ದೇಶಕನ ಮೇಲೆ, ಸರ್ಕಾರದ ಮೇಲೆ ಕಾರ್ಮಿಕನಷ್ಟೇ ಅವಲಂಬಿತ ಅಂತ. ಹೊರಗಿಂದ ನೋಡಿದ್ರೆ ಒಂದಕ್ಕೊಂದು ಸಂಬಂಧನೇ ಇಲ್ಲದ ಸಂಸ್ಥೆಗಳು ಹೀಗೆ ಒಂದೇ ವರ್ಗಕ್ಕೆ ಬರ್ತವೆ. ಆಸ್ತಿಯನ್ನ ಖಾಸಗಿಯವರಿಂದ ಸರ್ಕಾರಕ್ಕೆ ಕೊಟ್ಟ ಮಾತ್ರಕ್ಕೆ ಇದು ಬದಲಾಗಲ್ಲ, ಮುಂದೆ ಬರ್ತಿರೋದು ಕಾರ್ಮಿಕರ ಸರ್ವಾಧಿಕಾರ ಅಲ್ಲ, ನೌಕರಶಾಹಿಯದ್ದು ಅಂತ ಅವನು ಎಚ್ಚರಿಸಿದ. ರಷ್ಯಾದ ಅಕ್ಟೋಬರ್ ಕ್ರಾಂತಿಗೆ ಆಗ ವರ್ಷವೂ ತುಂಬಿರ್ಲಿಲ್ಲ.

ಯಾರಿಗೆ ವೈಚಾರಿಕ ಅನ್ನೋ ಪ್ರಶ್ನೆಯಿಂದಲೂ ವೆಬರ್ ತಪ್ಪಿಸ್ಕೊಳ್ಳಲ್ಲ. ಲೆಕ್ಕ ಎಷ್ಟು ಕರಾರುವಾಕ್ಕಾಗಿ ಹಾಕಬಹುದು ಅನ್ನೋದು ರೂಪಾತ್ಮಕ ವೈಚಾರಿಕತೆ, ಜನರ ಅಗತ್ಯ, ನ್ಯಾಯ ಈ ತರದ ಮೌಲ್ಯದಿಂದ ಅಳೆದ್ರೆ ಅದು ಸಾರಾತ್ಮಕ. ಬಂಡವಾಳದ ಲೆಕ್ಕ ಅತ್ಯಂತ ಕರಾರುವಾಕ್ಕಾಗಬೇಕಾದ್ರೆ ಕಾರ್ಮಿಕರು ಮಾಲೀಕರ ಹತೋಟಿಯಲ್ಲಿ ಇರಲೇಬೇಕಾಗುತ್ತೆ, ಇದು ಈ ವ್ಯವಸ್ಥೆಯ ಸಾರಾತ್ಮಕ ಅವೈಚಾರಿಕತೆ ಅಂತ ಅವನು ತೀರಿಕೊಂಡ ಮೇಲೆ 1921-22ರಲ್ಲಿ ಹೊರಬಂದ ದೊಡ್ಡ ಗ್ರಂಥದಲ್ಲಿ ಬರುತ್ತೆ. ವೆಬರ್‌ನನ್ನ ಬಂಡವಾಳಶಾಹಿಯ ವಕೀಲ ಅನ್ನೋರು ಆ ಭಾಗ ಓದಬೇಕು.

ಅವನ ಮೇಲೆ ನಂಗೆ ಒಂದು ತಕರಾರು ಇದೆ. ಅಧಿಕಾರಶಾಹಿಯ ಮಾದರಿ ಕಟ್ಟೋವಾಗ ನಿಖರತೆ, ವೇಗ, ಸ್ಪಷ್ಟತೆಯಲ್ಲಿ ಇದಕ್ಕೆ ಸಾಟಿ ಇಲ್ಲ ಅಂತ ಹೇಳ್ತಾ ಹೋಗ್ತಾನೆ, ಅಲ್ಲಿ ಅಳೆಯೋ ಸಾಧನವೇ ತೀರ್ಪು ಕೊಡೋಕೆ ಶುರು ಮಾಡುತ್ತೆ. 1940ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನ ಸರಿಯಾದ ಜಾಗದಲ್ಲೇ ಹಿಡಿದ. ನಿಯಮ ಇದ್ದಿದ್ದು ಗುರಿ ಮುಟ್ಟೋಕೆ, ಆದ್ರೆ ಕಟ್ಟುನಿಟ್ಟಾಗಿ ಪಾಲಿಸಿ ಪಾಲಿಸಿ ನೌಕರನಿಗೆ ನಿಯಮವೇ ಗುರಿ ಆಗಿಬಿಡುತ್ತೆ, ಎದುರಿಗೆ ನಿಂತಿರೋನ ಕೆಲಸ ಆಯ್ತಾ ಇಲ್ವಾ ಅನ್ನೋದು ಲೆಕ್ಕಕ್ಕೇ ಬರಲ್ಲ. ವೆಬರ್‌ನ ಮಾತಲ್ಲೇ ಹೇಳೋದಾದ್ರೆ ಗುರಿ-ವೈಚಾರಿಕವಾಗಿ ಹುಟ್ಟಿದ ನಿಯಮ ಒಬ್ಬ ಗುಮಾಸ್ತನಿಗೆ ತಪ್ಪಬಾರದ ವ್ರತ, ಪಕ್ಕದ ಗುಮಾಸ್ತನಿಗೆ ಬರೀ ರೂಢಿ. ಆ ಕೊಯ್ಲಿನ ಆಳಿಗೂ ಈ ಎರಡನೇ ಗುಮಾಸ್ತನಿಗೂ ಇರೋ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ, ಆಳಿನ ರೂಢಿ ಊರಿಂದ ಬಂತು, ಇವನದ್ದು ಸುತ್ತೋಲೆಯಿಂದ. ಒಂದು ಕಚೇರಿಯನ್ನ ವೈಚಾರಿಕ ಅಂತ ಬರೆಯೋ ಮುಂಚೆ ಅದರ ನಿಯಮಾವಳಿ ಓದಿದ್ರೆ ಸಾಲದು, ಆ ನಿಯಮವನ್ನ ಪಾಲಿಸೋ ಕೈಗಳು ಯಾಕೆ ಪಾಲಿಸ್ತಿವೆ ಅಂತನೂ ಹೋಗಿ ಕೇಳಬೇಕಾಗುತ್ತೆ, ಆ ಉತ್ತರ ಕೌಂಟರಿನಿಂದ ಕೌಂಟರಿಗೆ ಬೇರೆ ಬೇರೆ ಇರುತ್ತೆ.