ಸಾಕ್ಷಿ ಹೇಳುವವರಿಗೆ ಆಂತರಿಕ ಸಮಿತಿಯ ಲಿಖಿತ ಭರವಸೆ

ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ತೋಟದ ಅಕ್ಕಂದಿರೇ, ಅಣ್ಣಂದಿರೇ,

ಸಮಿತಿಗೆ ಒಂದು ದೂರು ಬಂದಿದೆ. ಯಾರದ್ದು, ಯಾರ ಮೇಲೆ ಅಂತ ಇಲ್ಲಿ ಬರೆದಿಲ್ಲ, ಬರೆಯುವಂತೆಯೂ ಇಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾನೂನಿನ 16ನೇ ಕಲಂ ಪ್ರಕಾರ ದೂರು ಕೊಟ್ಟವರ, ಆರೋಪ ಹೊತ್ತವರ, ಸಾಕ್ಷಿಗಳ ಗುರುತನ್ನು ಹೊರಗೆ ಬಿಡುವುದು ತಪ್ಪು. ಸಮಿತಿಯವರೇ ಬಾಯಿಬಿಟ್ಟರೂ 5000 ರೂಪಾಯಿ ದಂಡವಿದೆ.

ನಿಮ್ಮ ಹೇಳಿಕೆಯನ್ನು ತೋಟದ ಆಫೀಸಿನಲ್ಲಿ ಪಡೆಯುವುದಿಲ್ಲ. ಮೂಡಿಗೆರೆಯಲ್ಲಿ, ಸಮಿತಿಯ ಹೊರಗಿನ ಸದಸ್ಯರ ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತೇವೆ. ಮೇಸ್ತ್ರಿ, ರೈಟರ್ ಯಾರೂ ಅಲ್ಲಿ ಇರುವುದಿಲ್ಲ. ಆ ದಿನದ ಹಾಜರಿ, ಬಸ್ ಚಾರ್ಜು ಸಿಗುತ್ತದೆ. ಬರೆದದ್ದನ್ನು ಓದಿ ಹೇಳುತ್ತೇವೆ. ಸರಿ ಅನ್ನಿಸಿದರೆ ಮಾತ್ರ ಸಹಿ ಅಥವಾ ಹೆಬ್ಬೆಟ್ಟು ಹಾಕಿ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಆರೋಪ ಹೊತ್ತವರಿಗೂ ಉತ್ತರ ಕೊಡುವ ಹಕ್ಕಿದೆ. ಆದ್ದರಿಂದ ನೀವು ಹೇಳಿದ ವಿಷಯ ಅವರಿಗೆ ತಿಳಿಯುತ್ತದೆ. ಹೆಸರಿನ ಬದಲು ಸಂಖ್ಯೆ ಹಾಕುತ್ತೇವೆ. ಆದರೂ ಒಂದೇ ಸಾಲಿನಲ್ಲಿ ಹಣ್ಣು ಕೊಯ್ಯುವವರಲ್ಲಿ ಯಾರು ಹೇಳಿದ್ದು ಅಂತ ಊಹಿಸುವುದು ಕಷ್ಟವಲ್ಲ, ಅಲ್ವಾ? ಯಾರಿಗೂ ಗೊತ್ತಾಗುವುದೇ ಇಲ್ಲ ಅಂತ ಮಾತು ಕೊಟ್ಟರೆ ಅದು ಸುಳ್ಳಾಗುತ್ತದೆ. ಗೊತ್ತಾದರೂ ನಿಮಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.

ತೊಂದರೆ ಹೇಗೆಲ್ಲ ಬರುತ್ತದೆ ಅಂತ ನಮಗೂ ಗೊತ್ತು. ಕೆಲಸದಿಂದ ತೆಗೆಯುವುದು ಮಾತ್ರವಲ್ಲ. ತೂಕದಲ್ಲಿ ಕಡಿತ, ಅರ್ಧ ಹಾಜರಿ, ಹಣ್ಣು ಕಡಿಮೆ ಇರುವ ಇಳಿಜಾರಿಗೇ ದಿನಾ ಕಳಿಸುವುದು, ಮುಂಗಡವನ್ನು ಈಗಲೇ ವಾಪಸ್ ಕೇಳುವುದು, ಲೈನ್ ಮನೆ ಖಾಲಿ ಮಾಡಿ ಅನ್ನುವುದು, ನಿಮ್ಮ ಬದಲು ಗಂಡನ ಮೇಲೋ ಮಗಳ ಮೇಲೋ ಸಿಟ್ಟು ತೀರಿಸುವುದು. ಇವೆಲ್ಲವನ್ನೂ ಸೇಡು ಅಂತಲೇ ನೋಡುತ್ತೇವೆ. ಈ ಕೊಯ್ಲು ಮುಗಿದು ಬೋನಸ್ ಕೈ ಸೇರುವವರೆಗೆ ಹಾಜರಿ ಪುಸ್ತಕ, ತೂಕದ ಲೆಕ್ಕವನ್ನು ವಾರಕ್ಕೊಮ್ಮೆ ನಾವೇ ನೋಡುತ್ತೇವೆ. ಸಾಕ್ಷಿ ಹೇಳಿದ ಕಾರಣಕ್ಕೆ ಕೂಲಿ ಕಡಿತವಾದರೆ ತುಂಬಿಕೊಡುವುದಾಗಿ, ಮನೆ ಬಿಡಿಸುವುದಿಲ್ಲವೆಂದು ಮಾಲೀಕರು ಬರೆದುಕೊಟ್ಟಿದ್ದಾರೆ. ಅದರ ಪ್ರತಿ ಈ ಪತ್ರದ ಜೊತೆಗಿದೆ.

ಯಾರಾದರೂ ಹೆದರಿಸಿದರೆ ಮೇಸ್ತ್ರಿಯ ಹತ್ತಿರ ಹೋಗಬೇಡಿ, ನೇರವಾಗಿ ಸಮಿತಿಯ ಅಧ್ಯಕ್ಷೆಗೆ ಹೇಳಿ. ಎರಡು ದಿನದೊಳಗೆ ನಾವೇ ಬಂದು ವಿಚಾರಿಸುತ್ತೇವೆ. ಹೊಡೆಯುವ ಬೆದರಿಕೆ ಇದ್ದರೆ ನಮಗಾಗಿ ಕಾಯುತ್ತಾ ಕೂರದೆ 112ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ 181 ಕೂಡ ಇದೆ.

ನೋಡಿದ್ದು, ಕೇಳಿದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ, ಅದರಿಂದ ನಿಮಗೇನೂ ಆಗುವುದಿಲ್ಲ. ಬೇಕೆಂದೇ ಸುಳ್ಳು ಹೇಳಿದರೆ ಮಾತ್ರ ಈ ರಕ್ಷಣೆ ಇರುವುದಿಲ್ಲ. ವಿಚಾರಣೆಯ ಮಾತನ್ನು ಲೈನ್‌ನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಆಡಬೇಡಿ.

ಹೇಳಿಕೆ ಪಡೆಯುವ ಕೆಲಸ ಬರುವ ಸೋಮವಾರ ಶುರು. ನಿಮ್ಮ ದಿನವನ್ನು ನಿಮಗೊಬ್ಬರಿಗೇ ತಿಳಿಸುತ್ತೇವೆ.

ಸಹಿ:
ಅಧ್ಯಕ್ಷೆ, ಆಂತರಿಕ ಸಮಿತಿ
ಹೊರಗಿನ ಸದಸ್ಯೆ, ಆಂತರಿಕ ಸಮಿತಿ